ಡಿಲೀಟ್ ಒತ್ತಿದ ಮೇಲೆ ಎಸ್‌ಎಸ್‌ಡಿಯೊಳಗೆ ಏನಾಗುತ್ತದೆ?

ಮದುವೆಯ ವಿಡಿಯೊ, 40 ಜಿಬಿ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿರುವುದು 256 ಜಿಬಿಯ ಎಸ್‌ಎಸ್‌ಡಿ, ಜಾಗ ಸಾಲುತ್ತಿಲ್ಲ. ವಿಡಿಯೊವನ್ನು ಬೇರೆ ಕಡೆ ನಕಲು ಮಾಡಿಕೊಂಡು ಇಲ್ಲಿಂದ ಅಳಿಸುತ್ತೀರಿ, ರೀಸೈಕಲ್ ಬಿನ್ ಕೂಡ ಬರಿದು ಮಾಡುತ್ತೀರಿ. ನೋಡನೋಡುತ್ತಿದ್ದಂತೆ ವಿಂಡೋಸ್ 40 ಜಿಬಿ ಹೆಚ್ಚುವರಿ ಜಾಗ ತೋರಿಸುತ್ತದೆ. ಆ ಫೈಲನ್ನು ತಂದು ತುಂಬುವಾಗ ನಿಮಿಷಗಟ್ಟಲೆ ಕಾದಿದ್ದಿರಿ, ಅಳಿಸುವುದಕ್ಕೆ ಕ್ಷಣ ಸಾಕಾಯಿತು. ಅಷ್ಟು ಬೇಗ ಆಗಿದ್ದು ಏಕೆಂದರೆ, ಆ ಕ್ಷಣದಲ್ಲಿ ವಿಡಿಯೊದ ಒಂದು ಬಿಟ್ ಕೂಡ ಅಳಿದಿರಲಿಲ್ಲ.

ವಿಂಡೋಸ್ ಡ್ರೈವನ್ನು ಸಾಮಾನ್ಯವಾಗಿ 4 ಕೆಬಿಯ ತುಂಡುಗಳಾಗಿ ಎಣಿಸುತ್ತದೆ. ನಮ್ಮ ವಿಡಿಯೊ ಹಿಡಿದಿದ್ದು ಅಂಥ ಸುಮಾರು ಒಂದು ಕೋಟಿ ತುಂಡುಗಳನ್ನು. ಯಾವ ತುಂಡು ಯಾವ ಫೈಲಿನದು, ಯಾವುದು ಖಾಲಿ ಎಂಬ ಲೆಕ್ಕ ಫೈಲ್ ಸಿಸ್ಟಮ್ ಬಳಿ ಇರುತ್ತದೆ. ಡಿಲೀಟ್ ಎಂದರೆ ಈ ಲೆಕ್ಕದಲ್ಲಿ ಆ ಫೈಲಿನ ನಮೂದನ್ನು ರದ್ದು ಮಾಡಿ, ಅದರ ತುಂಡುಗಳ ಮುಂದೆ ‘ಖಾಲಿ’ ಎಂದು ಗುರುತು ಹಾಕುವುದು, ಅಷ್ಟೇ. ಆದ್ದರಿಂದ ‘ಡಿಲೀಟ್ ಮಾಡಿದರೆ ನಿಜವಾಗಿ ಜಾಗ ಸಿಗುತ್ತದೆಯೇ’ ಎಂದು ಕೇಳುವವರಿಗೆ ಮೊದಲ ಉತ್ತರ: ಹೌದು, ಸಿಗುತ್ತದೆ. ಆ 40 ಜಿಬಿಯಲ್ಲಿ ಈಗಲೇ ಬೇರೆ ಫೈಲು ತುಂಬಬಹುದು. ಆದರೆ ಈ ಲೆಕ್ಕ ಬದಲಾದ ಸುದ್ದಿ ಡ್ರೈವಿಗೆ ತಾನಾಗಿ ತಿಳಿಯುವುದಿಲ್ಲ. ಎಸ್‌ಎಸ್‌ಡಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಹಳೆಯ ಹಾರ್ಡ್ ಡಿಸ್ಕಿಗೆ ಇದರಿಂದ ತೊಂದರೆ ಇರಲಿಲ್ಲ. ಅಲ್ಲಿ ತಿರುಗುವ ತಟ್ಟೆಯ ಮೇಲೆ ಹಳೆಯದು ಇದ್ದಲ್ಲಿಯೇ ಹೊಸದನ್ನು ನೇರವಾಗಿ ಬರೆಯಬಹುದು. ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್ ಹಾಗಲ್ಲ. ಅದರಲ್ಲಿ ಬರೆಯುವುದು ಪೇಜ್ ಎಂಬ ಸಣ್ಣ ಘಟಕದಲ್ಲಿ. ಈಗಿನ ಚಿಪ್‌ಗಳಲ್ಲಿ ಒಂದು ಪೇಜ್ ಸಾಮಾನ್ಯವಾಗಿ 16 ಕೆಬಿ. ಒಮ್ಮೆ ಬರೆದ ಪೇಜಿನ ಮೇಲೆ ಮತ್ತೆ ಬರೆಯುವಂತಿಲ್ಲ, ಮೊದಲು ಅದನ್ನು ಅಳಿಸಬೇಕು. ಅಳಿಸುವುದಾದರೋ ಒಂದೊಂದೇ ಪೇಜನ್ನಲ್ಲ, ನೂರಾರು ಪೇಜುಗಳು ಸೇರಿದ ಇಡೀ ಬ್ಲಾಕನ್ನು. ಆ ಕೆಲಸ ನಿಧಾನ. ಜೊತೆಗೆ ಪ್ರತಿ ಸಲ ಅಳಿಸಿದಾಗಲೂ ಚಿಪ್ ಒಂದಿಷ್ಟು ಸವೆಯುತ್ತದೆ.

ಇದನ್ನು ನಿಭಾಯಿಸಲು ಎಸ್‌ಎಸ್‌ಡಿಯೊಳಗೆ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರೇ ಇದೆ. ವಿಂಡೋಸ್ ‘ಇಂಥ ನಂಬರಿನ ಜಾಗದಲ್ಲಿ ಬರೆ’ ಎಂದಾಗ ಅದು ಆಗಲೇ ಅಳಿಸಿ ಸಿದ್ಧವಾಗಿರುವ ಯಾವುದಾದರೂ ಪೇಜಿನಲ್ಲಿ ಬರೆದು, ಆ ನಂಬರು ಈಗ ಯಾವ ಪೇಜಿನಲ್ಲಿದೆ ಎಂದು ತನ್ನ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಹೊಸ ಬರಹಕ್ಕೆ ಸಿದ್ಧ ಪೇಜುಗಳು ಸದಾ ಬೇಕು. ಹಾಗಾಗಿ ಬಿಡುವಿದ್ದಾಗ ಅದು ಗಾರ್ಬೇಜ್ ಕಲೆಕ್ಷನ್ ನಡೆಸುತ್ತದೆ: ಒಂದು ಬ್ಲಾಕ್ ಆರಿಸಿ, ಅದರಲ್ಲಿ ಬೇಕಾಗಿರುವ ಪೇಜುಗಳನ್ನು ಬೇರೆ ಬ್ಲಾಕಿಗೆ ನಕಲು ಮಾಡಿ, ಉಳಿದದ್ದನ್ನು ಒಟ್ಟಿಗೆ ಅಳಿಸಿಬಿಡುತ್ತದೆ.

‘ಬೇಕಾಗಿರುವ’ ಪೇಜು ಯಾವುದು ಎಂದು ಅದಕ್ಕೆ ಗೊತ್ತಾಗುವುದು ಹೇಗೆ ಎಂಬುದೇ ಇಲ್ಲಿನ ತೊಡಕು. 256 ಪೇಜುಗಳ ಒಂದು ಬ್ಲಾಕ್ ತೆಗೆದುಕೊಳ್ಳಿ. 16 ಕೆಬಿಯಂತೆ ಒಟ್ಟು 4 ಎಂಬಿ. ಅದರಲ್ಲಿ 240 ಪೇಜು ನೀವು ಅಳಿಸಿದ ಮದುವೆ ವಿಡಿಯೊದ್ದು, 16 ಪೇಜು ಇನ್ನೂ ಬಳಕೆಯಲ್ಲಿರುವ ಫೋಟೊಗಳದ್ದು. ವಿಡಿಯೊ ಹೋದದ್ದು ಕಂಟ್ರೋಲರಿಗೆ ಗೊತ್ತಿಲ್ಲ. ಬಾಡಿಗೆದಾರ ಹೇಳದೆ ಕೇಳದೆ ಮನೆ ಬಿಟ್ಟುಹೋದರೆ ಮಾಲೀಕ ಆ ಮನೆಯನ್ನು ಬೇರೆಯವರಿಗೆ ಕೊಡಲಾಗದೆ ಕೂರುವಂತೆ, ಇದೂ 256 ಪೇಜುಗಳನ್ನೆಲ್ಲ ಜೋಪಾನ ಮಾಡುತ್ತದೆ. ಈ ಬ್ಲಾಕನ್ನು ಸ್ವಚ್ಛ ಮಾಡಬೇಕೆಂದರೆ ಪೂರ್ತಿ 4 ಎಂಬಿಯನ್ನು ಬೇರೆಡೆ ನಕಲು ಮಾಡಬೇಕು, ಅದರಿಂದ ಒಂದು ಪೇಜಿನ ಲಾಭವೂ ಇಲ್ಲ. ವಿಂಡೋಸ್ ಅದೇ ನಂಬರುಗಳಲ್ಲಿ ಬೇರೇನನ್ನಾದರೂ ಬರೆದಾಗ ಮಾತ್ರ ಹಳೆಯದು ಬೇಡವಾಯಿತು ಎಂದು ಅದಕ್ಕೆ ತಿಳಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಪರದೆಯ ಮೇಲೆ ಅರ್ಧ ಖಾಲಿ ಕಾಣುವ ಡ್ರೈವ್, ತನ್ನ ಲೆಕ್ಕದಲ್ಲಿ ತುಂಬಿ ತುಳುಕುತ್ತಿರಬಹುದು.

ಎಸ್‌ಎಸ್‌ಡಿಗಳು ಮನೆ ಬಳಕೆಗೆ ಬಂದ ಹೊಸದರಲ್ಲಿ ಆಗಿದ್ದೇ ಇದು. 2008ರಲ್ಲಿ ಬಂದ ಇಂಟೆಲ್ ಕಂಪನಿಯ ಎಕ್ಸ್25-ಎಂ ಆ ಕಾಲಕ್ಕೆ ಬಹಳ ವೇಗದ ಡ್ರೈವ್. ಆದರೂ ಬಳಸುತ್ತ ಹೋದಂತೆ ಅದರ ಬರೆಯುವ ವೇಗ ಕುಗ್ಗುತ್ತಿತ್ತು. ಫೈಲು ಅಳಿಸಿದರೆ ವೇಗ ಮರಳುತ್ತಿರಲಿಲ್ಲ. ಪರಿಹಾರವಾಗಿ ಬಂದದ್ದು ಟ್ರಿಮ್ ಎಂಬ ಆದೇಶ. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 7 ಅದನ್ನು ಕಳಿಸುವುದನ್ನು ಕಲಿತುಕೊಂಡೇ ಬಂತು. ಇಂಟೆಲ್ ತನ್ನ ಎರಡನೇ ಪೀಳಿಗೆಯ ಎಕ್ಸ್25-ಎಂಗೆ ಫರ್ಮ್‌ವೇರ್ ಮೂಲಕ ಟ್ರಿಮ್ ಕೊಟ್ಟಿತು, ಮೊದಲ ಪೀಳಿಗೆಯನ್ನು ಕೊಂಡವರಿಗೆ ಅದು ಸಿಗಲೇ ಇಲ್ಲ.

ಟ್ರಿಮ್ ಯಾವುದನ್ನೂ ಅಳಿಸುವುದಿಲ್ಲ. ‘ಈ ನಂಬರಿನಿಂದ ಇಷ್ಟು ಜಾಗ ಇನ್ನು ನನಗೆ ಬೇಡ’ ಎಂದು ಆಪರೇಟಿಂಗ್ ಸಿಸ್ಟಮ್ ಡ್ರೈವಿಗೆ ತಿಳಿಸುವ ಸಂದೇಶ ಅದು. ಸಾಟಾ ಡ್ರೈವುಗಳಲ್ಲಿ ಈ ಸಂದೇಶದ ಪ್ರತಿ 512 ಬೈಟಿನೊಳಗೆ 64 ನಮೂದುಗಳು ಹಿಡಿಯುತ್ತವೆ, ಒಂದು ನಮೂದು ಹೆಚ್ಚೆಂದರೆ ಸುಮಾರು 33 ಎಂಬಿ ಜಾಗವನ್ನು ಹೆಸರಿಸಬಲ್ಲದು. ವಿಡಿಯೊ ಒಂದೇ ಸಾಲಿನಲ್ಲಿ ಇದ್ದಿದ್ದರೆ 40 ಜಿಬಿ ಪೂರ್ತಿ ಬಿಟ್ಟುಕೊಡಲು 10 ಕೆಬಿಯಷ್ಟು ಸಂದೇಶ ಸಾಕು. ಎನ್‌ವಿಎಂಇ ಡ್ರೈವುಗಳಲ್ಲಿ ಆದೇಶದ ಹೆಸರು ಬೇರೆ, ಕೆಲಸ ಇದೇ.

ಸಂದೇಶ ತಲುಪಿದ ಮೇಲೆ ಕಂಟ್ರೋಲರ್ ತನ್ನ ಪಟ್ಟಿಯಿಂದ ಆ ನಂಬರುಗಳ ಸಂಬಂಧ ಕಿತ್ತುಹಾಕುತ್ತದೆ. ಈಗ ನಮ್ಮ ಬ್ಲಾಕಿಗೆ ಮರಳಿ. ಬೇಕಾಗಿರುವುದು 16 ಪೇಜು ಮಾತ್ರ. 256 ಕೆಬಿ ನಕಲು ಮಾಡಿ ಬ್ಲಾಕ್ ಅಳಿಸಿದರೆ 240 ಹೊಸ ಪೇಜುಗಳು ಸಿದ್ಧ. ನಕಲು ಕಡಿಮೆಯಾದಷ್ಟೂ ವೇಗ ಉಳಿಯುತ್ತದೆ, ಸವೆತವೂ ತಗ್ಗುತ್ತದೆ. ನಿಜವಾದ ಅಳಿಸುವಿಕೆ ನಡೆಯುವುದು ಇಲ್ಲಿ, ಡ್ರೈವಿಗೆ ಅನುಕೂಲವಾದ ಹೊತ್ತಿನಲ್ಲಿ. ಅದು ಸೆಕೆಂಡುಗಳ ನಂತರವಿರಬಹುದು, ಇನ್ನೂ ತಡವಾಗಲೂಬಹುದು. ಹೊರಗಿನಿಂದ ಅದನ್ನು ನೋಡುವ ದಾರಿ ನಮಗಿಲ್ಲ.

ಫೋನುಗಳೂ ಈ ಪಾಠ ಕಲಿತಿವೆ. 2012ರ ನೆಕ್ಸಸ್ 7 ಟ್ಯಾಬ್ಲೆಟ್ ತಿಂಗಳುಗಳು ಕಳೆದಂತೆ ಎಳೆದಾಡತೊಡಗಿತ್ತು. 2013ರಲ್ಲಿ ಬಂದ ಆಂಡ್ರಾಯ್ಡ್ 4.3, ಯಾರೂ ಬಳಸದೆ ಸುಮ್ಮನಿರುವಾಗ ಟ್ರಿಮ್ ಕಳಿಸುವ ವ್ಯವಸ್ಥೆ ತಂದ ಮೇಲೆ ಅದು ಚೇತರಿಸಿಕೊಂಡಿತು.

ಇಂದಿನ ವಿಂಡೋಸ್ ಫೈಲು ಅಳಿದ ಕೂಡಲೇ ಟ್ರಿಮ್ ಕಳಿಸುತ್ತದೆ, ಅದಲ್ಲದೆ ನಿಗದಿತ ಅವಧಿಗೊಮ್ಮೆ ಖಾಲಿ ಜಾಗವನ್ನೆಲ್ಲ ಮತ್ತೊಮ್ಮೆ ಹೆಸರಿಸಿ ಹೇಳುತ್ತದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ವಾರಕ್ಕೊಮ್ಮೆ ಈ ಕೆಲಸ ನಡೆಯುವುದು ರೂಢಿ. ನಿಮ್ಮ ವಿಂಡೋಸ್ ಟ್ರಿಮ್ ಕಳಿಸುತ್ತಿದೆಯೇ ಎಂದು ತಿಳಿಯಲು ಅಡ್ಮಿನಿಸ್ಟ್ರೇಟರ್ ಆಗಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪಿಸಿ:

```
fsutil behavior query DisableDeleteNotify
```

ಉತ್ತರದಲ್ಲಿ `NTFS DisableDeleteNotify = 0` ಎಂದಿದ್ದರೆ ಸರಿಯಿದೆ. ಕೇಳುತ್ತಿರುವುದು ‘ನಿಲ್ಲಿಸಲಾಗಿದೆಯೇ’ ಎಂದು, ಹಾಗಾಗಿ ಸೊನ್ನೆಯೇ ಒಳ್ಳೆಯ ಉತ್ತರ. ಆದರೆ ವಿಂಡೋಸ್ ಕಳಿಸಲು ತಯಾರಿದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಡ್ರೈವಿಗೆ ತಲುಪಿತು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹಾದಿ ಸಾಮಾನ್ಯವಾಗಿ ಕಡಿದುಹೋಗುವುದು ಯುಎಸ್‌ಬಿಯಲ್ಲಿ. ಹಳೆಯ ಎಸ್‌ಎಸ್‌ಡಿಯನ್ನು ಅಗ್ಗದ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬಳಸುವವರು ಬಹಳ ಜನ. ಆ ಪೆಟ್ಟಿಗೆಯೊಳಗಿನ ಚಿಪ್ ಓದುವ, ಬರೆಯುವ ಆದೇಶಗಳನ್ನು ದಾಟಿಸುತ್ತದೆ, ಟ್ರಿಮ್ಮನ್ನು ಎಷ್ಟೋ ಸಲ ದಾಟಿಸುವುದಿಲ್ಲ. ಪರೀಕ್ಷಿಸಲು ಅಡ್ಮಿನಿಸ್ಟ್ರೇಟರ್ ಆಗಿ ಪವರ್‌ಶೆಲ್ ತೆರೆದು, ಆ ಡ್ರೈವಿನ ಅಕ್ಷರ ಹಾಕಿ:

```
Optimize-Volume -DriveLetter E -ReTrim -Verbose
```

ಈ ಹಾರ್ಡ್‌ವೇರಿಗೆ ಅದು ಸಾಧ್ಯವಿಲ್ಲ ಎಂಬ ಅರ್ಥದ ದೋಷ ಬಂದರೆ ಟ್ರಿಮ್ ಆ ಡ್ರೈವಿಗೆ ಹೋಗುತ್ತಿಲ್ಲ. ಲಿನಕ್ಸ್‌ನಲ್ಲಿ `lsblk --discard` ಕೊಟ್ಟು ನೋಡಿ, `DISC-MAX` ಕೆಳಗೆ ಸೊನ್ನೆ ಇದ್ದರೆ ಅರ್ಥ ಅದೇ. ದೊಡ್ಡ ಫೈಲ್ ನಕಲು ಮಾಡುವಾಗ ವೇಗ ನಡುವೆ ಕುಸಿದರೆ ತಕ್ಷಣ ಟ್ರಿಮ್ಮನ್ನು ದೂರಬೇಡಿ. ಇಂದಿನ ಹೆಚ್ಚಿನ ಡ್ರೈವುಗಳಲ್ಲಿ ವೇಗವಾಗಿ ತುಂಬುವ ಒಂದು ಸಣ್ಣ ಭಾಗವಿರುತ್ತದೆ, ಅದು ಮುಗಿದಾಗ ವೇಗ ಇಳಿಯುವುದು ಸಹಜ. ಸಣ್ಣ ಫೈಲುಗಳಿಗೂ ತಡವರಿಸುವುದು, ಎಷ್ಟು ಜಾಗ ಬಿಡಿಸಿದರೂ ಚೇತರಿಸಿಕೊಳ್ಳದಿರುವುದು ಅನುಮಾನಪಡಬೇಕಾದ ಲಕ್ಷಣ. ಅಂಥ ಪೆಟ್ಟಿಗೆಯೇ ಗತಿಯಾದರೆ ಡ್ರೈವನ್ನು ಆಗಾಗ ಕಂಪ್ಯೂಟರಿಗೆ ನೇರ ಜೋಡಿಸಿ ಟ್ರಿಮ್ ಮಾಡಿಸುವುದು ಒಳ್ಳೆಯದು.

ಇನ್ನು ಈ ಎಲ್ಲದರಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತು. ಹಾರ್ಡ್ ಡಿಸ್ಕಿನ ಕಾಲದಲ್ಲಿ ಕೈತಪ್ಪಿ ಫೋಟೊ ಅಳಿಸಿದರೆ ರಿಕವರಿ ಸಾಫ್ಟ್‌ವೇರ್ ಓಡಿಸಿ ಎಷ್ಟನ್ನೋ ಮರಳಿ ಪಡೆಯುತ್ತಿದ್ದೆವು, ಏಕೆಂದರೆ ಮಾಹಿತಿ ಇದ್ದಲ್ಲೇ ಇರುತ್ತಿತ್ತು. ಆ ಭರವಸೆಯನ್ನು ಎಸ್‌ಎಸ್‌ಡಿಗೆ ಒಯ್ಯಬೇಡಿ. ಟ್ರಿಮ್ ಆದ ಜಾಗವನ್ನು ಓದಲು ಹೋದರೆ ಅನೇಕ ಡ್ರೈವುಗಳು ಸೊನ್ನೆಗಳನ್ನಷ್ಟೇ ಕೊಡುತ್ತವೆ, ಒಳಗಿನ ಪೇಜುಗಳಲ್ಲಿ ವಿಡಿಯೊ ಇನ್ನೂ ಉಳಿದಿದ್ದರೂ ಸಹ. ಸಾಮಾನ್ಯ ರಿಕವರಿ ಸಾಫ್ಟ್‌ವೇರಿಗೆ ಆ ಸೊನ್ನೆಗಳಾಚೆ ಹೋಗುವ ದಾರಿಯಿಲ್ಲ. ರೀಸೈಕಲ್ ಬಿನ್‌ನಲ್ಲಿರುವವರೆಗೆ ಫೈಲು ಸುರಕ್ಷಿತ. ಅದನ್ನು ಬರಿದು ಮಾಡಿದಾಗ ಟ್ರಿಮ್ ಹೊರಡುತ್ತದೆ. ಅಮೂಲ್ಯವಾದದ್ದು ಹೋಗಿದ್ದರೆ ಕೂಡಲೇ ಕಂಪ್ಯೂಟರಿನ ಪವರ್ ತೆಗೆದು, ಡ್ರೈವಿಗೆ ಮತ್ತೆ ವಿದ್ಯುತ್ ಕೊಡದೆ ಪರಿಣತರಿಗೆ ಒಪ್ಪಿಸುವುದೊಂದೇ ಉಳಿದ ದಾರಿ, ಅಲ್ಲೂ ಸಿಗುವ ಸಂಭವ ಕಡಿಮೆ. ಆದ್ದರಿಂದ ಎರಡನೇ ನಕಲನ್ನು ತೆರೆದು ನೋಡಿ, ಸರಿಯಾಗಿ ಓಡುತ್ತಿದೆ ಎಂದು ಖಚಿತವಾದ ಮೇಲೆಯೇ ಮೊದಲನೆಯದನ್ನು ಅಳಿಸಿ.

ಗುಟ್ಟಿನ ದಾಖಲೆಗಳನ್ನು ನಾಶ ಮಾಡಬೇಕೆನ್ನುವವರಿಗೆ ಇದೇ ವಿಷಯದ ಇನ್ನೊಂದು ಮುಖವಿದೆ. ಫೈಲಿನ ಮೇಲೆ ಹಲವು ಬಾರಿ ಕಸ ಬರೆದು ಅಳಿಸುವ ‘ಶ್ರೆಡರ್’ ಸಾಫ್ಟ್‌ವೇರ್‌ಗಳು ಎಸ್‌ಎಸ್‌ಡಿಯಲ್ಲಿ ಗುರಿ ತಪ್ಪುತ್ತವೆ. ಪ್ರತಿ ಬರಹವೂ ಹೊಸ ಪೇಜಿಗೆ ಹೋಗುವುದರಿಂದ ಹಳೆಯ ಪೇಜು ಮುಟ್ಟದೆ ಉಳಿಯುತ್ತದೆ, ಡ್ರೈವ್ ಮಾತ್ರ ವೃಥಾ ಸವೆಯುತ್ತದೆ. ಲ್ಯಾಪ್‌ಟಾಪ್ ಮಾರುವ ಮೊದಲು ಇಡೀ ಡ್ರೈವಿಗೆ ಡ್ರೈವ್ ತಯಾರಕರೇ ಕೊಡುವ ಸಾಧನದಿಂದ ಸೆಕ್ಯೂರ್ ಇರೇಸ್ ಆದೇಶ ಕೊಡಿ. ಅಥವಾ ಮೊದಲ ದಿನದಿಂದಲೇ ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿಟ್ಟು, ಕೊನೆಗೆ ಅದರ ಕೀಲಿಯನ್ನು ಅಳಿಸಿಬಿಡಿ.