ಹಲ್ಲಿನ ಕೊರಳಿಗೊಂದು ಕಟ್ಟೆ

ನಿವೃತ್ತರಾದ ಮೇಷ್ಟ್ರೊಬ್ಬರು ಕೆಳದವಡೆಯ ಎಡಭಾಗದಲ್ಲಿ, ಹಿಂದಿನಿಂದ ಎರಡನೆಯದಾಗಿ ಉಳಿದಿದ್ದ ದವಡೆ ಹಲ್ಲಿನ ನೋವಿನಿಂದ ಮೂರು ರಾತ್ರಿ ನಿದ್ದೆಗೆಟ್ಟು ನನ್ನಲ್ಲಿಗೆ ಬಂದವರು, ಕುರ್ಚಿಯಲ್ಲಿ ಒರಗಿ, ನಾನು ಚೌಕಟ್ಟಿಗೆ ಸಿಕ್ಕಿಸುತ್ತಿದ್ದ ನೀಲಿಯ ರಬ್ಬರ್ ಹಾಳೆಯನ್ನು ಸಂಶಯದಿಂದ ನೋಡಿ, "ಡಾಕ್ಟರೇ, ಇದನ್ನು ಬಾಯಿಗೆ ಕಟ್ಟಿದ ಮೇಲೆ ಉಸಿರಾಡುವುದೆಂತು?" ಎಂದು ಕೇಳಿದರು. "ಮೂಗಿನಿಂದ, ಮೇಷ್ಟ್ರೇ. ನೆಗಡಿ ಇದ್ದರೆ ಈಗಲೇ ಹೇಳಿಬಿಡಿ" ಎಂದೆ. ನಗೆಮಾತಿನಂತೆ ಕೇಳಿಸಿದರೂ ಅದು ನಗೆಮಾತಲ್ಲ. ಮೂಗು ಕಟ್ಟಿದವರಿಗೆ ಈ ಹಾಳೆ ಹಿಂಸೆಯಾಗುತ್ತದೆ. ಬಲೂನು ಊದಿದಾಗಲೋ ಕೈಗವಸು ತೊಟ್ಟಾಗಲೋ ತುರಿಕೆ ಏಳುವವರಿಗೆ ಲೇಟೆಕ್ಸ್ ಬಿಟ್ಟು ನೈಟ್ರೈಲಿನ ಹಾಳೆಯನ್ನೇ ಬಳಸತಕ್ಕದ್ದು. ಈ ಎರಡು ಪ್ರಶ್ನೆಗಳನ್ನು ಕೇಳದೆ ನಾನು ಹಾಳೆಯನ್ನು ಬಾಯಿಗೆ ಕಟ್ಟುವುದಿಲ್ಲ.

ರಬ್ಬರ್ ಡ್ಯಾಮ್ ಎಂಬ ಹೆಸರು ನಮ್ಮವರ ಕಿವಿಗೆ ಬಿದ್ದೊಡನೆ ಕನ್ನಂಬಾಡಿ ಕಟ್ಟೆಯ ನೆನಪಾಗುವುದು ಸಹಜ, ಹೋಲಿಕೆಯೂ ಅಸಂಗತವೇನಲ್ಲ. 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ಇದನ್ನು ಬಳಕೆಗೆ ತಂದಾಗ ಅವನ ಚಿಂತೆ ಚಿನ್ನದ್ದಾಗಿತ್ತು. ಆ ಕಾಲದಲ್ಲಿ ಹುಳುಕು ಹಲ್ಲಿನ ಕುಳಿಗೆ ಚಿನ್ನದ ತೆಳುವಾದ ತಗಡನ್ನು ಪದರಪದರವಾಗಿ ಬಡಿದು ತುಂಬುತ್ತಿದ್ದರು. ಒದ್ದೆಯಾದ ಪದರ ಇನ್ನೊಂದಕ್ಕೆ ಅಂಟದು. ಜೊಲ್ಲನ್ನು ಹತ್ತಿಯಿಂದ ಒರಸುತ್ತ ಕುಳಿತರೆ ದಿನವೆಲ್ಲ ಒರಸಬೇಕಾದೀತೆಂದು ತಿಳಿದು, ಅವನು ನೀರನ್ನು ಒರಸುವುದನ್ನು ಬಿಟ್ಟು ಹಲ್ಲನ್ನೇ ನೀರಿನ ಆಚೆಗೆ ತಂದನು.

ಇಂದು ಚಿನ್ನ ಹೋಗಿ ಹಲ್ಲಿನ ಬಣ್ಣದ ಕಾಂಪೊಸಿಟ್ ಬಂದಿದೆ, ಆದರೆ ಅದರ ವೈರಿಯೂ ಜೊಲ್ಲೇ. ಆಮ್ಲ ಸವರಿ ತೊಳೆದು ಒಣಗಿಸಿದ ಎನಾಮಲ್ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಕಣ್ಣಿಗೆ ಕಾಣದ ಅದರ ರಂಧ್ರಗಳೊಳಕ್ಕೆ ಅಂಟುದ್ರವ ಇಳಿದು ಗಟ್ಟಿಯಾಗಬೇಕು. ಅಷ್ಟರಲ್ಲಿ ಜೊಲ್ಲು ತಾಗಿತೆಂದರೆ ಅದರಲ್ಲಿನ ಪ್ರೋಟೀನು ರಂಧ್ರಗಳ ಬಾಯನ್ನು ಮುಚ್ಚಿಬಿಡುವುದರಿಂದ, ನೀರಿನಿಂದ ತೊಳೆದರೆ ಸಾಲದು, ಮತ್ತೆ ಆಮ್ಲ ಸವರಿ ಮೊದಲಿನಿಂದ ಆರಂಭಿಸಬೇಕು. ಎರಡು ಹಲ್ಲುಗಳ ನಡುವಿನ ಕುಳಿಯಾದರೆ ಒಂದೇ ಹಲ್ಲಲ್ಲ, ಅಕ್ಕಪಕ್ಕದವನ್ನೂ ಹಾಳೆಯಿಂದ ಹೊರತಂದರೆ ಕೈಗೆ ಜಾಗ ದೊರೆಯುತ್ತದೆ.

ರೂಟ್ ಕೆನಾಲಿನಲ್ಲಿ ಮಾತು ಇನ್ನೂ ಗಂಭೀರವಾದುದು. 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ಹಲ್ಲಿಗೆ ತಿರುಳಿನವರೆಗೆ ರಂಧ್ರ ಕೊರೆದು ಹಾಗೆಯೇ ತೆರೆದು ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಸೂಕ್ಷ್ಮಾಣುಗಳೇ ಇಲ್ಲದ ಪರಿಸರದಲ್ಲಿ ಬೆಳೆದ ಇಲಿಗಳಲ್ಲಾದರೋ, ರಂಧ್ರಕ್ಕೆ ಆಹಾರದ ಚೂರು ಸಿಕ್ಕಿಕೊಂಡಿದ್ದರೂ, ತಿರುಳು ಬದುಕಿ ತನ್ನ ಗಾಯಕ್ಕೆ ತಾನೇ ದಂತದ ಸೇತುವೆ ಕಟ್ಟಿಕೊಂಡಿತು. ನಾವು ನಾಳವನ್ನು ತೊಳೆಯುವುದು ಆ ಸೂಕ್ಷ್ಮಾಣುಗಳನ್ನು ಹೊರಹಾಕಲೆಂದೇ. ಅವು ತುಂಬಿದ ಜೊಲ್ಲು ಪಕ್ಕದಿಂದ ಒಳಗೆ ಇಳಿಯುತ್ತಿರುವಾಗ ನಾಳವನ್ನು ಎಷ್ಟು ತೊಳೆದರೇನು ಫಲ? ಅದಲ್ಲದೆ, ತೊಳೆಯುವ ಸೋಡಿಯಂ ಹೈಪೊಕ್ಲೋರೈಟು ಬಟ್ಟೆ ಬಿಳುಪಿಸುವ ದ್ರವದ ಜಾತಿಯದು, ಗಂಟಲಿಗೆ ಹೋದರೆ ಸುಡುತ್ತದೆ. ನಾಳ ಉಜ್ಜುವ ಫೈಲು 25 ಮಿಲಿಮೀಟರಿನ ಉಕ್ಕಿನ ಸೂಜಿ. ಮಲಗಿದವರ ಬಾಯಲ್ಲಿ ಕೈಜಾರಿದರೆ ಅದರ ಮುಂದಿನ ತಾಣ ಅನ್ನನಾಳವೋ ಶ್ವಾಸನಾಳವೋ ಎಂಬುದು ದೈವಚಿತ್ತ.

ಮೇಷ್ಟ್ರ ಹಲ್ಲಿನ ಹಿಂಬದಿಯ ಗೋಡೆ ಒಸಡಿನ ಮಟ್ಟಕ್ಕೆ ಕುಸಿದಿತ್ತು. ಇಂಥಲ್ಲಿ ಹಾಳೆ ಹಾಕಿದರೆ ಹಿಡಿಯಲು ಅಂಚಿಲ್ಲದೆ ಸೋರುತ್ತದೆ. ಆದ್ದರಿಂದ ಮೊದಲು ಮರಗಟ್ಟಿಸಿ, ಹುಳುಕನ್ನು ಕೆರೆದು, ಕುಸಿದ ಗೋಡೆಯನ್ನು ಗ್ಲಾಸ್ ಅಯನೋಮರಿನಿಂದ ಎತ್ತರಿಸಿಕೊಂಡೆ. ಹಲ್ಲಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದೆ. ಹಾಳೆ ಹೊದಿಸಿದ ಮೇಲೆ ಅಕ್ಕಪಕ್ಕದ ಸಾಲು ಕಣ್ಣಿಗೆ ಮರೆಯಾಗುವುದರಿಂದ, ಆರೋಗ್ಯವಾಗಿದ್ದ ನೆರೆಹಲ್ಲನ್ನು ಕೊರೆದ ಪ್ರಮಾದಗಳು ನಮ್ಮ ಕಸುಬಿನಲ್ಲಿ ಇಲ್ಲದಿಲ್ಲ. ಬಳಿಕ ಹಲ್ಲುಸಂದುಗಳಲ್ಲಿ ಫ್ಲಾಸ್ ದಾರ ಎಳೆದು ನೋಡಿದೆ. ದಾರ ಹರಿದರೆ ಅಲ್ಲಿ ರಬ್ಬರೂ ಹರಿಯುತ್ತದೆ.

ಹಾಳೆಯನ್ನು ಹಲ್ಲಿಗೆ ಬಿಗಿಯುವುದು ಕ್ಲ್ಯಾಂಪು, ಎರಡು ದವಡೆಗಳನ್ನು ಒಂದು ಬಿಲ್ಲು ಸೇರಿಸಿದಂಥ ಉಕ್ಕಿನ ಹಿಡಿ. ಅದರ ಬಿಲ್ಲಿಗೆ ಒಂದು ಮೊಳ ದಾರ ಕಟ್ಟಿ ತುದಿಯನ್ನು ಬಾಯಿಂದ ಹೊರಗೆ ಬಿಟ್ಟೆ. ಕ್ಲ್ಯಾಂಪು ಚಿಮ್ಮಿದರೆ ಎಳೆದು ತೆಗೆಯಲು ಇದೊಂದೇ ಉಪಾಯ. ಇದನ್ನು ಕಟ್ಟದವರನ್ನು ನಾನು ಧೈರ್ಯವಂತರೆನ್ನಲಾರೆ. ಇಕ್ಕಳದಿಂದ ಅಗಲಿಸಿ ಮೊದಲು ನಾಲಿಗೆಯ ಕಡೆಯ ದವಡೆಯನ್ನು, ಆಮೇಲೆ ಕೆನ್ನೆಯ ಕಡೆಯದನ್ನು, ಹಲ್ಲಿನ ಉಬ್ಬನ್ನು ದಾಟಿಸಿ ಅದರ ಕೊರಳಿಗೆ ಇಳಿಸಿದೆ. ನಾಲ್ಕು ಮೂಲೆಗಳೂ ಹಲ್ಲನ್ನು ಮುಟ್ಟಿರಬೇಕು. ಬೆರಳಿನಿಂದ ಒತ್ತಿದಾಗ ಒಂದು ಕಾಲು ಗಿಡ್ಡವಾದ ಮೇಜಿನಂತೆ ತೊನೆದಾಡಿದರೆ ಅದು ಸರಿಯಾದ ಅಳತೆಯದಲ್ಲ, ತೆಗೆದು ಬೇರೆಯದನ್ನು ಹಾಕತಕ್ಕದ್ದು. ಒಸಡನ್ನು ಕಚ್ಚಿದರೂ ಹಾಗೆಯೇ.

ಹೊಂದುವುದೆಂದು ಕಂಡ ಮೇಲೆ ಅದನ್ನು ಹೊರತೆಗೆದು, ಆರು ಅಂಗುಲ ಚೌಕದ ಹಾಳೆಗೆ ಪಂಚಿನ ದೊಡ್ಡ ತೂತು ಹೊಡೆದೆ. ತೂತಿನ ಅಂಚು ಒಂದೇ ಏಟಿಗೆ ಸುತ್ತ ಕತ್ತರಿಸಿರಬೇಕು. ಎಲ್ಲಿಯಾದರೂ ನಾರಿನಷ್ಟು ಅಂಟಿಕೊಂಡಿದ್ದರೆ ಎಳೆದಾಗ ಅಲ್ಲಿಂದಲೇ ಸೀಳು ಆರಂಭ. ಕ್ಲ್ಯಾಂಪಿನ ರೆಕ್ಕೆಗಳನ್ನು ತೂತಿಗೆ ಸಿಕ್ಕಿಸಿ, ಹಾಳೆ, ಚೌಕಟ್ಟು, ಕ್ಲ್ಯಾಂಪು ಮೂರನ್ನೂ ಒಟ್ಟಿಗೆ ಹಲ್ಲಿನ ಮೇಲೆ ಕೂರಿಸಿ, ಮೊಂಡು ತುದಿಯ ಉಪಕರಣದಿಂದ ರಬ್ಬರನ್ನು ರೆಕ್ಕೆಗಳ ಕೆಳಗೆ ಜಾರಿಸಿದೆ. ಕಟ್ಟೆ ಕಟ್ಟೆಯಾಗುವುದು ಇಷ್ಟರಿಂದಲ್ಲ. ಫ್ಲಾಸಿನಿಂದ ರಬ್ಬರನ್ನು ಸಂದುಗಳಲ್ಲಿ ಇಳಿಸಿ, ಗಾಳಿ ಊದುತ್ತ, ತೂತಿನ ಅಂಚನ್ನು ಸುತ್ತಲೂ ಒಳಮುಖವಾಗಿ ಮಡಚಿ ಒಸಡಿನ ಗೆರೆಯೊಳಕ್ಕೆ ತಳ್ಳಬೇಕು. ಅಂಚು ಮೇಲ್ಮುಖವಾಗಿ ನಿಂತರೆ ಜೊಲ್ಲು ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ಅವಸರದವರು ಬಿಡುವುದು ಈ ಅರೆನಿಮಿಷದ ಕೆಲಸವನ್ನೇ.

ನಾಳಗಳ ಬಾಯಿ ತೆರೆದು ದ್ರವ ತುಂಬಿದಾಗ ಮೇಷ್ಟ್ರು ಎಡಗೈ ಎತ್ತಿದರು. ಮಾತಾಡಲಾಗದವರು ಕೈಯೆತ್ತಬೇಕೆಂದು ಮೊದಲೇ ಒಪ್ಪಂದವಾಗಿತ್ತು. ನೋವಲ್ಲ, ಮೂಗಿನ ಕಡೆಗೆ ಬೆರಳು ತೋರಿಸಿದರು: ವಾಸನೆ, ನಲ್ಲಿ ನೀರಿನ ಕ್ಲೋರಿನ್ನಿನಂಥದು, ಗಂಟಲಲ್ಲಿ. ಹೀರುನಳಿಕೆಯಿಂದ ದ್ರವವನ್ನು ಎಳೆದು ಒಣಗಿಸಿ ನೋಡಿದರೆ, ಹೊಸ ಗೋಡೆಯ ಬುಡದಲ್ಲಿ, ಕ್ಲ್ಯಾಂಪಿನ ಬಿಲ್ಲಿನ ಕೆಳಗೆ, ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು ಒಡೆಯಿತು, ಮತ್ತೆ ಎದ್ದಿತು. ಹಾಳೆಯನ್ನು ಬಿಚ್ಚಬೇಕಾಗಲಿಲ್ಲ, ಆ ಸಂದಿಗೆ ಸೀಲು ಮಾಡುವ ಪೇಸ್ಟನ್ನು ಒತ್ತಿ, ನೀರು ಬಿಟ್ಟು ಪರೀಕ್ಷಿಸಿ, ಗುಳ್ಳೆ ಏಳದಿದ್ದಾಗ ಮುಂದುವರಿದೆ. ಹಲ್ಲು ಕ್ಲ್ಯಾಂಪು ಹಿಡಿಯಲಾರದಷ್ಟು ಮುರಿದಿದ್ದರೆ ಹಿಂದಿನ ಹಲ್ಲಿಗೆ ಅದನ್ನು ಹಾಕಿ ಸೀಳುತೂತಿನ ಹಾಳೆಯನ್ನು ಬಳಸುವ ದಾರಿಯೊಂದಿದೆ, ಆದರೆ ಅಲ್ಲಿ ಸೋರಿಕೆಯನ್ನು ಪೂರ್ತಿ ತಡೆಯಲು ಪೇಸ್ಟೂ ಸಾಲದೆ ಹೋಗುವುದುಂಟು. ಅಂಥ ಹಲ್ಲನ್ನು ಉಳಿಸುವುದು ಯುಕ್ತವೇ ಎಂದು ಆಗಲೇ ಯೋಚಿಸಬೇಕು.

ಮುಕ್ಕಾಲು ಗಂಟೆಯ ನಂತರ ಕ್ಲ್ಯಾಂಪನ್ನು ಬಿಡಿಸಿ, ಹಾಳೆಯನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು ತೂತಿನ ಅಂಚನ್ನು ನೋಡಿದೆ. ವೃತ್ತದಲ್ಲಿ ಒಂದು ಕಡೆ ಉಗುರಿನ ಚೂರಿನಷ್ಟು ಕೊರತೆ. ಎದ್ದು ಕೂತು ಬಾಯಿ ಮುಕ್ಕಳಿಸುತ್ತಿದ್ದ ಮೇಷ್ಟ್ರನ್ನು ಮತ್ತೆ ಒರಗಿಸಿ, ಹಲ್ಲಿನ ಮುಂದಿನ ಸಂದಿನಲ್ಲಿ ಫ್ಲಾಸನ್ನು ಇಳಿಸಿ ಪಕ್ಕಕ್ಕೆ ಎಳೆದಾಗ, ನೀಲಿಯ ಚೂರು ದಾರಕ್ಕೆ ಅಂಟಿಕೊಂಡು ಹೊರಬಂತು. "ಇಷ್ಟಕ್ಕೇ ಮಲಗಿಸಿದಿರಾ?" ಎಂದರು. ಅದು ಒಳಗೇ ಉಳಿದು ಒಸಡಿನ ಬುಡಕ್ಕೆ ಜಾರಿದರೆ ಒಸಡು ಬಾತು, ಹಲ್ಲನ್ನು ಹಿಡಿದ ಮೂಳೆಯೂ ಕರಗಬಹುದೆಂದು ಹೇಳಿದೆ. ಅವರು ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ತುಸು ಹೊತ್ತು ನೋಡಿ, ಕಸದ ಬುಟ್ಟಿಗೆ ಹಾಕಿದರು.