ರೈಸ್ ಕುಕ್ಕರಿನ ಲೋಟವೂ ನೀರಿನ ಗೆರೆಯೂ

ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಲೋಟದಲ್ಲಿ ಸಾಮಾನ್ಯವಾಗಿ 180 ಮಿಲಿಲೀಟರ್ ಹಿಡಿಯುತ್ತದೆ. ಅಡುಗೆ ಪುಸ್ತಕದಲ್ಲಿ ‘ಒಂದು ಕಪ್’ ಎಂದು ಬರೆದಿರುವುದು ಈ ಲೋಟವನ್ನಲ್ಲ. ಅಮೆರಿಕದ ಕಪ್ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯದ ಕಪ್ 250. ಅಂದರೆ ಕುಕ್ಕರಿನ ಲೋಟ ಅಮೆರಿಕದ ಕಪ್ಪಿನ ಮುಕ್ಕಾಲು ಪಾಲು ಮಾತ್ರ.

ಈ 180ರ ಲೆಕ್ಕ ಬಂದಿರುವುದು ಜಪಾನಿನಿಂದ. ಅಲ್ಲಿ ಅಕ್ಕಿಯನ್ನೂ ಸಾಕೆ ಮದ್ಯವನ್ನೂ ಅಳೆಯುತ್ತಿದ್ದ ಹಳೆಯ ಮಾನದ ಹೆಸರು ‘ಗೋ’. ಹತ್ತು ಗೋ ಸೇರಿದರೆ ಒಂದು ‘ಶೋ’, ಸುಮಾರು 1.8 ಲೀಟರ್. 1955ರಲ್ಲಿ ತೋಷಿಬಾ ಕಂಪನಿ ತಾನಾಗಿಯೇ ಆರುವ ಕುಕ್ಕರನ್ನು ಮಾರುಕಟ್ಟೆಗೆ ತಂದಿತು. ಮುಂದೆ ಜಪಾನ್ ಲೀಟರು, ಗ್ರಾಮುಗಳಿಗೆ ಹೊರಳಿಕೊಂಡರೂ ಅಕ್ಕಿಯ ಅಳತೆ ಮಾತ್ರ ಗೋ ಬಿಟ್ಟು ಕದಲಲಿಲ್ಲ. ಅಂಗಡಿಯಲ್ಲಿ 1.8 ಲೀಟರಿನ ಕುಕ್ಕರ್ ಅಷ್ಟು ಸಾಮಾನ್ಯವಾಗಿರುವುದಕ್ಕೂ ಇದೇ ಕಾರಣ: ಅದು ಹತ್ತು ಲೋಟ ಅಕ್ಕಿಯ ಲೆಕ್ಕ.

ಒಳಪಾತ್ರೆಯ ಗೋಡೆಯ ಮೇಲಿನ 2, 3, 4 ಎಂಬ ಗೆರೆಗಳನ್ನು ಹಲವರು ಅಷ್ಟು ಲೋಟ ನೀರು ಎಂದು ಓದುತ್ತಾರೆ. ಆ ಅಂಕಿ ನೀರಿನದಲ್ಲ, ಅಕ್ಕಿಯದು. ಎರಡು ಲೋಟ ಅಕ್ಕಿ ತೊಳೆದು ಪಾತ್ರೆಗೆ ಹಾಕಿ, ಮೇಲ್ಮೈ ಸಮ ಮಾಡಿ, ನೀರು 2ರ ಗೆರೆ ಮುಟ್ಟುವವರೆಗೆ ಸುರಿಯಬೇಕು. ಗೆರೆ ತೋರಿಸುವುದು ಅಕ್ಕಿ ಮತ್ತು ನೀರು ಸೇರಿದ ಒಟ್ಟು ಮಟ್ಟವನ್ನು. ಕೆಲವು ಪಾತ್ರೆಗಳಲ್ಲಿ 3ರ ಎದುರಿಗೆ 0.54 ಲೀಟರ್ ಎಂದೂ ಇರುತ್ತದೆ. ಅದೂ ಮೂರು ಲೋಟ ಅಕ್ಕಿಯ ಅಳತೆಯೇ.

ಲೋಟ ಬದಲಾದರೆ ಆಗುವ ಎಡವಟ್ಟನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಕುಕ್ಕರಿನ ಎರಡು ಲೋಟ ಅಕ್ಕಿ ಸುಮಾರು 300 ಗ್ರಾಂ ತೂಗುತ್ತದೆ. ಕಾಳುಗಳ ನಡುವಿನ ಸಂದನ್ನು ನೀರು ತುಂಬಿಕೊಳ್ಳುವುದರಿಂದ ಇಷ್ಟು ಅಕ್ಕಿ ನೀರಿನೊಳಗೆ ಆಕ್ರಮಿಸುವ ಜಾಗ ಸುಮಾರು 210 ಮಿಲಿಲೀಟರ್ ಮಾತ್ರ. ಅಕ್ಕಿಯ ಅಳತೆಯ 1.2 ಪಟ್ಟು ನೀರು ಎಂಬುದು ಜಪಾನಿನ ವಾಡಿಕೆ. ಅದರಂತೆ ಬೇಕಾದ ನೀರು ಸುಮಾರು 430. ಎರಡೂ ಸೇರಿ 640 ಆಗುವ ಮಟ್ಟವೇ 2ರ ಗೆರೆ. ಈಗ ಯಾರೋ ಅಮೆರಿಕದ ಕಪ್ಪಿನಲ್ಲಿ ಎರಡು ಕಪ್ ಅಕ್ಕಿ ಹಾಕಿ ಅದೇ ಗೆರೆಗೆ ನೀರು ಬಿಟ್ಟರು ಎನ್ನೋಣ. ಅಕ್ಕಿ 400 ಗ್ರಾಂ ಆಯಿತು, ಅದು 280ರಷ್ಟು ಜಾಗ ಹಿಡಿಯಿತು, ನೀರಿಗೆ ಉಳಿದದ್ದು 360. ಬೇಕಿದ್ದದ್ದಾದರೋ 575ರ ಸುಮಾರು. ಅಕ್ಕಿ ಹೆಚ್ಚಾಯಿತು, ಹೆಚ್ಚಾದ ಅಕ್ಕಿಯೇ ನೀರಿನ ಜಾಗವನ್ನೂ ನುಂಗಿತು. ತಪ್ಪು ಎರಡು ಕಡೆಯಿಂದ ಬೆಳೆಯಿತು. ಸಾದಾ ಕುಕ್ಕರಿನ ಗುಂಡಿ ತಳದ ನೀರು ಇಂಗಿ ಬಿಸಿ 100 ಡಿಗ್ರಿ ದಾಟಿದಾಗ ಹಾರುತ್ತದೆ. ನೀರು ಕಡಿಮೆಯಿದ್ದರೆ ಅದು ಬೇಗನೆ ಹಾರಿ, ಅಗುಳಿನ ನಡುವೆ ಗಟ್ಟಿ ಉಳಿಯುತ್ತದೆ.

ಕುಕ್ಕರಿನ ಲೋಟ ಕಳೆದುಹೋಗಿದ್ದರೆ ಗಾಬರಿಯೇನಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಯಾವುದಾದರೂ ಲೋಟವಿಟ್ಟು, ಅದರ ತೂಕ ಕಳೆದು, 180 ಗ್ರಾಂ ನೀರು ಹಾಕಿ ಆ ಮಟ್ಟಕ್ಕೆ ಗುರುತು ಮಾಡಿದರಾಯಿತು. ತಕ್ಕಡಿ ಇಲ್ಲದಿದ್ದರೆ 15 ಮಿಲಿಲೀಟರಿನ ಅಳತೆ ಚಮಚದಲ್ಲಿ ಹನ್ನೆರಡು ಚಮಚ. ಮನೆಯ ಪಾವನ್ನೂ ಹೀಗೆ ಒಮ್ಮೆ ಅಳೆದು ನೋಡದೆ ಗೆರೆಯ ಜೊತೆ ಬಳಸುವುದು ಬೇಡ. ಗೆರೆಯ ಗೊಡವೆಯೇ ಬೇಡ, ಅಕ್ಕಿಯನ್ನೂ ನೀರನ್ನೂ ಒಂದೇ ಪಾತ್ರೆಯಲ್ಲಿ ಅಳೆಯುತ್ತೇವೆ ಎನ್ನುವವರಿಗೆ ಯಾವ ಪಾವಾದರೂ ಸರಿ. ಒಂದಕ್ಕೆ ಎರಡು ಎಂಬ ಲೆಕ್ಕ ಪಾತ್ರೆಯ ಗಾತ್ರ ಕೇಳುವುದಿಲ್ಲ.

ಆದರೂ ಗೆರೆಗೆ ಒಂದು ಹೆಚ್ಚಿನ ಅನುಕೂಲವಿದೆ. ತೊಳೆದ ಅಕ್ಕಿಯಲ್ಲಿ ಉಳಿದ ನೀರು, ನೆನೆದ ಅಕ್ಕಿ ಹೀರಿಕೊಂಡ ನೀರು, ಎರಡೂ ಒಟ್ಟು ಮಟ್ಟದಲ್ಲಿ ತಾವಾಗಿಯೇ ಸೇರಿಬಿಡುತ್ತವೆ. ನೀರನ್ನು ಲೋಟದಲ್ಲಿ ಅಳೆದು ಹಾಕುವವರು ಅದನ್ನು ಅಂದಾಜಿನಲ್ಲಿ ಕಳೆಯಬೇಕು, ಇಲ್ಲದಿದ್ದರೆ ಅನ್ನ ಮುದ್ದೆಯಾಗುತ್ತದೆ. ಗೆರೆ ನೋಡುವಾಗ ಪಾತ್ರೆ ಸಮತಟ್ಟಾದ ಕಟ್ಟೆಯ ಮೇಲಿರಬೇಕು, ಕಣ್ಣು ಗೆರೆಯ ಮಟ್ಟಕ್ಕೆ ಬಗ್ಗಿರಬೇಕು.

ಗೆರೆಯ ಮಿತಿ ಇರುವುದು ಅಕ್ಕಿಯ ಜಾತಿಯಲ್ಲಿ. ಜಪಾನಿನ ಪಾತ್ರೆಗಳಲ್ಲಿ ಬಿಳಿ ಅಕ್ಕಿಯ ಗೆರೆ ಅಲ್ಲಿನ ಗಿಡ್ಡ ಕಾಳಿನ, ಅಂಟುವ ಅಕ್ಕಿಗೆ ಎಳೆದದ್ದು. ಪಾಲಿಶ್ ಮಾಡದ ಅಕ್ಕಿಗೂ ಗಂಜಿಗೂ ಬೇರೆ ಗೆರೆಗಳಿರುತ್ತವೆ. ಹಳೆಯ ಸೋನಾ ಮಸೂರಿಗೆ ಬಿಳಿ ಅಕ್ಕಿಯ ಗೆರೆ ಸಾಲದು. ಲೋಟಕ್ಕೆ ಕಾಲು ಲೋಟದಷ್ಟು ನೀರು ಹೆಚ್ಚು ಹಾಕಿ ನೋಡಿ, ಅಗುಳು ಗಟ್ಟಿಯೆನಿಸಿದರೆ ಮುಂದಿನ ಸಲ ಇನ್ನಷ್ಟು ಏರಿಸಬಹುದು. ಕರಾವಳಿಯ ಕುಚ್ಚಲಕ್ಕಿಗೆ ಈ ಗೆರೆ ಲೆಕ್ಕಕ್ಕೇ ಬರುವುದಿಲ್ಲ. ಅದು ಧಾರಾಳ ನೀರಿನಲ್ಲಿ ಹೆಚ್ಚು ಹೊತ್ತು ಬೆಂದು, ಗಂಜಿ ಬಸಿಸಿಕೊಳ್ಳುವ ಅಕ್ಕಿ.