ಸೊನ್ನೆ ಕಳೆಯದಂತೆ ಸಿಎಸ್‌ವಿ ತೆರೆಯುವುದು

ಸಂಘದ ಸದಸ್ಯರ ಪಟ್ಟಿ ಸಿಎಸ್‌ವಿ ಕಡತವಾಗಿ ಬರುತ್ತದೆ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಎಕ್ಸೆಲ್ ತೆರೆದುಕೊಳ್ಳುತ್ತದೆ. ಕೆಡುಕು ಶುರುವಾಗುವುದು ಅಲ್ಲಿಯೇ. ಬೆಂಗಳೂರಿನ 08012345678 ಎಂಬ ಸ್ಥಿರ ದೂರವಾಣಿ 8012345678 ಆಗಿರುತ್ತದೆ. ನಮ್ಮ ಪಿನ್‌ಕೋಡ್ ಯಾವುದೂ ಸೊನ್ನೆಯಿಂದ ಶುರುವಾಗುವುದಿಲ್ಲ, ಹಾಗಾಗಿ 560001 ಉಳಿಯುತ್ತದೆ. ಆದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಸದಸ್ಯರ 08817 ಬರೀ 8817 ಆಗುತ್ತದೆ.

ಸಿಎಸ್‌ವಿ ಎಂದರೆ ಬರೀ ಅಕ್ಷರಗಳ ಸಾಲು. ಯಾವ ಕಾಲಂ ಸಂಖ್ಯೆ, ಯಾವುದು ಪಠ್ಯ ಎಂದು ಅದರಲ್ಲಿ ಬರೆದಿರುವುದಿಲ್ಲ. ಅಂಕಿಗಳನ್ನಷ್ಟೇ ಕಂಡ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದು ಊಹಿಸುತ್ತದೆ.

ಮೊಬೈಲ್ ಸಂಖ್ಯೆಯ ಹಿಂದೆ 91 ಸೇರಿದರೆ ಇನ್ನೂ ಕಷ್ಟ. 12 ಅಂಕಿಯ 919876543210 ತೆರೆಯ ಮೇಲೆ 9.19877E+11 ಎಂದು ಕಾಣುತ್ತದೆ. ಆಗಿನ್ನೂ ಮೂಲ ಸಂಖ್ಯೆ ಒಳಗೆ ಭದ್ರವಾಗಿರುತ್ತದೆ. ಹಾಗೆಯೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಮಾತ್ರ ಕಂಡದ್ದೇ ಕಡತಕ್ಕೆ ಇಳಿಯುತ್ತದೆ. ಮುಂದಿನ ಸಲ ಸಿಗುವುದು 919877000000. ಕೊನೆಯ ಅಂಕಿಗಳು ಶಾಶ್ವತವಾಗಿ ಹೋದವು.

ತೆರೆದ ಮೇಲೆ ಕಾಲಂ ಅನ್ನು ಪಠ್ಯವಾಗಿ ಬದಲಿಸಿದರೆ ಹೋದ ಸೊನ್ನೆ ಮರಳುವುದಿಲ್ಲ. ತೆರೆಯುವಾಗಲೇ ಹೇಳಬೇಕು. ಮೊದಲು ಖಾಲಿ ಹಾಳೆ ತೆರೆಯಿರಿ. Data ಮೆನುವಿನಲ್ಲಿ From Text/CSV ಒತ್ತಿ ಕಡತ ಆರಿಸಿ. ಮುನ್ನೋಟದ ಕಿಟಕಿಯಲ್ಲಿ Data Type Detection ಎಂಬಲ್ಲಿ Do not detect data types ಆರಿಸಿ, Load ಒತ್ತಿ. ಎಲ್ಲ ಕಾಲಂಗಳೂ ಪಠ್ಯವಾಗಿ ಬರುತ್ತವೆ. ತಲೆಬರಹಗಳು ಮೊದಲ ಸಾಲಿಗೆ ಇಳಿದಿರಬಹುದು, ಅದರಿಂದ ತೊಂದರೆಯಿಲ್ಲ.

ಅನುಮಾನ ಬಂದರೆ ಮೂಲ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅಲ್ಲಿ ಸೊನ್ನೆ ಇದ್ದರೆ ಕಡತ ಸರಿಯಾಗಿದೆ. ಎಕ್ಸೆಲ್ ಕಿಟಕಿಯನ್ನು ಉಳಿಸದೆ ಮುಚ್ಚಿ, ಮೇಲಿನ ದಾರಿಯಲ್ಲಿ ಮತ್ತೆ ತೆರೆಯಿರಿ.